ಆಡಿಯೋಗ್ರಾಮ್ ಮಾಡಲು ಯಾವ ದಾರಿ: ವೆಬ್ ಸೇವೆಯೇ, ಎಡಿಟಿಂಗ್ ತಂತ್ರಾಂಶವೇ, ಎಫ್‌ಎಫ್‌ಎಂಪೆಗ್ ಆಜ್ಞೆಯೇ?

ಒಂದು ಗಂಟೆಯ ಪಾಡ್‌ಕಾಸ್ಟ್ ಸಂಚಿಕೆಯಲ್ಲಿ ಅತಿಥಿ ಆಡಿದ ಮುಕ್ಕಾಲು ನಿಮಿಷದ ಮಾತೊಂದು ಇಡೀ ಸಂಚಿಕೆಯ ಜೀವಾಳವಾಗಿರುತ್ತದೆ. ಅದನ್ನು ಹಂಚಿದರೆ ಕೇಳುಗರು ಬರುತ್ತಾರೆ ಎಂದು ಮಾಡಿದವರಿಗೆ ಗೊತ್ತಿರುತ್ತದೆ. ಆದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಎಕ್ಸ್ ಇವೆಲ್ಲ ಚಿತ್ರ ಮತ್ತು ವಿಡಿಯೊಗಾಗಿ ಕಟ್ಟಿದ ಜಾಗಗಳು, ಬರೀ ಧ್ವನಿಯ ಫೈಲಿಗೆ ಅಲ್ಲಿ ಎಡೆಯಿಲ್ಲ. ಆ ಧ್ವನಿಗೆ ಒಂದು ಸ್ಥಿರ ಚಿತ್ರ, ಮಾತಿನ ಜೊತೆ ಕುಣಿಯುವ ಒಂದು ಅಲೆ, ಕೆಳಗೆ ಮಾತಿನ ಬರಹ, ಇಷ್ಟನ್ನು ಜೋಡಿಸಿ ವಿಡಿಯೊ ಮಾಡಿದರೆ ಅದೇ ಆಡಿಯೋಗ್ರಾಮ್. ನ್ಯೂಯಾರ್ಕಿನ ಸಾರ್ವಜನಿಕ ರೇಡಿಯೊ ಡಬ್ಲ್ಯೂಎನ್‌ವೈಸಿ 2016ರಲ್ಲಿ ಇದಕ್ಕಾಗಿ ತಾನು ಬರೆದುಕೊಂಡ ತಂತ್ರಾಂಶವನ್ನು ಮುಕ್ತ ಆಕರವಾಗಿ ಬಿಡುಗಡೆ ಮಾಡಿದ ಮೇಲೆ ಈ ರೂಪ ಬೇರೆ ರೇಡಿಯೊಗಳಿಗೂ ಪಾಡ್‌ಕಾಸ್ಟ್‌ಗಳಿಗೂ ಚೆನ್ನಾಗಿ ಪರಿಚಯವಾಯಿತು.

ಇವತ್ತು ಇದನ್ನು ಮಾಡಲು ಮುಖ್ಯವಾಗಿ ಮೂರು ದಾರಿಗಳಿವೆ. ಹೆಡ್‌ಲೈನರ್‌ನಂಥ ವೆಬ್ ಸೇವೆಗೆ ಧ್ವನಿಯನ್ನು ಅಪ್‌ಲೋಡ್ ಮಾಡಿ ಟೆಂಪ್ಲೇಟ್ ಆರಿಸುವುದು ಒಂದು. ಕೆಡೆನ್‌ಲೈವ್, ಶಾಟ್‌ಕಟ್, ಆಫ್ಟರ್ ಎಫೆಕ್ಟ್ಸ್‌ನಂಥ ತಂತ್ರಾಂಶದಲ್ಲಿ ಕೂತು ಕೈಯಾರೆ ಕಟ್ಟುವುದು ಎರಡನೆಯದು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನಕ್ಕೆ ಒಂದು ಆಜ್ಞೆ ಬರೆದಿಟ್ಟುಕೊಂಡು ಪ್ರತಿ ಸಲ ಅದನ್ನೇ ಓಡಿಸುವುದು ಮೂರನೆಯದು. ಡಬ್ಲ್ಯೂಎನ್‌ವೈಸಿಯ ತಂತ್ರಾಂಶ ಈಗಲೂ ಸಿಗುತ್ತದೆ, ಆದರೆ ಅದು ಹಳೆಯದಾಗಿದೆ. ಹೊಸ ಕಂಪ್ಯೂಟರಿನಲ್ಲಿ ಅದನ್ನು ಕೂರಿಸಿಕೊಳ್ಳುವ ಶ್ರಮಕ್ಕೆ ಎಫ್‌ಎಫ್‌ಎಂಪೆಗ್ ಕಲಿತುಬಿಡಬಹುದು, ಹಾಗಾಗಿ ಅದನ್ನು ಈ ಹೋಲಿಕೆಗೆ ಸೇರಿಸಿಕೊಂಡಿಲ್ಲ.

ಹೆಚ್ಚಿನವರು ಅಲೆ ಎಷ್ಟು ಚೆಂದ ಕಾಣುತ್ತದೆ ಎಂಬುದನ್ನು ನೋಡಿ ದಾರಿ ಆರಿಸುತ್ತಾರೆ. ನನ್ನ ಅನುಭವದಲ್ಲಿ ಅಲೆಗಿಂತ ಕ್ಯಾಪ್ಷನ್ ಮುಖ್ಯ. ಫೀಡ್‌ನಲ್ಲಿ ವಿಡಿಯೊ ತಾನಾಗಿ ಶುರುವಾಗುವಾಗ ಸದ್ದು ಸಾಮಾನ್ಯವಾಗಿ ಬಂದ್ ಆಗಿರುತ್ತದೆ. ಆ ಕ್ಷಣದಲ್ಲಿ ಅಲೆ ಹೇಳುವುದು 'ಇಲ್ಲಿ ಯಾರೋ ಮಾತಾಡುತ್ತಿದ್ದಾರೆ' ಎಂಬುದನ್ನು ಮಾತ್ರ. ಏನು ಮಾತಾಡುತ್ತಿದ್ದಾರೆ ಎಂದು ಹೇಳಿ ಬೆರಳನ್ನು ತಡೆಯುವುದು ಬರಹ. ಅದಕ್ಕೇ ಮೊದಲು ಕ್ಯಾಪ್ಷನ್ ಪರೀಕ್ಷೆ, ಆಮೇಲೆ ಅಲೆಯ ಆಯ್ಕೆ.

ಒತ್ತಕ್ಷರದ ಪರೀಕ್ಷೆ

ಲ್ಯಾಟಿನ್ ಲಿಪಿಯಲ್ಲಿ ಕ್ಯಾಪ್ಷನ್ ಹಾಕುವವರಿಗೆ ಇಲ್ಲದ ಒಂದು ತೊಡಕು ಕನ್ನಡದಂಥ ಲಿಪಿಗಳಲ್ಲಿದೆ. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಲದು. ಒತ್ತಕ್ಷರ ಕೆಳಗೆ ಹೋಗಬೇಕು, ಅರ್ಕಾವೊತ್ತು ಅಕ್ಷರದ ಬಲಕ್ಕೆ ಬರಬೇಕು, ಗುಣಿತದ ಗುರುತು ವ್ಯಂಜನಕ್ಕೆ ಅಂಟಿಕೊಳ್ಳಬೇಕು. ಈ ಜೋಡಣೆಯ ಕೆಲಸವನ್ನು ತಂತ್ರಾಂಶದೊಳಗೆ ಬೇರೆಯೇ ಒಂದು ಭಾಗ ಮಾಡುತ್ತದೆ. ಆ ಭಾಗ ಇಲ್ಲದಿದ್ದರೆ ಎಷ್ಟೇ ಒಳ್ಳೆಯ ಫಾಂಟ್ ಹಾಕಿದರೂ ಬರಹ ಒಡೆದು ಬೀಳುತ್ತದೆ.

ಪರೀಕ್ಷೆಗೆ ದೊಡ್ಡ ಸಿದ್ಧತೆ ಬೇಡ. 'ರಾಷ್ಟ್ರ, ಅರ್ಥ, ಸ್ತ್ರೀ, ಕೃಷಿ, ವೈದ್ಯ' ಎಂಬ ಐದು ಪದಗಳನ್ನು ಕ್ಯಾಪ್ಷನ್ ಆಗಿ ಹಾಕಿ ಒಂದು ತುಣುಕು ರಫ್ತು ಮಾಡಿ ನೋಡಿ. 'ರಾಷ್ಟ್ರ'ದಲ್ಲಿ ಷ್, ಟ್, ರ ಮೂರೂ ಬಿಡಿಬಿಡಿಯಾಗಿ ಸಾಲಾಗಿ ನಿಂತರೆ, 'ಅರ್ಥ'ದ ಅರ್ಕಾವೊತ್ತು ಥ ಅಕ್ಷರದ ಎಡಕ್ಕೇ ಬಿಡಿ 'ರ್' ಆಗಿ ಉಳಿದರೆ, ಆ ಸಾಧನ ಕನ್ನಡಕ್ಕೆ ಆಗುವುದಿಲ್ಲ. ಪರೀಕ್ಷೆಯನ್ನು ರಫ್ತಾದ ಫೈಲ್‌ನಲ್ಲೇ ಮಾಡಬೇಕು, ಎಡಿಟರಿನ ಪರದೆಯಲ್ಲಿ ನೋಡಿದರೆ ಸಾಲದು. ವೆಬ್ ಸೇವೆಗಳಲ್ಲಿ ಪರದೆಯ ಮುನ್ನೋಟವನ್ನು ತೋರಿಸುವುದು ನಿಮ್ಮ ಬ್ರೌಸರ್. ಬ್ರೌಸರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಕೊನೆಯ ವಿಡಿಯೊ ತಯಾರಾಗುವುದು ಅವರ ಸರ್ವರಿನಲ್ಲಿ, ಅಲ್ಲಿನ ವ್ಯವಸ್ಥೆ ಬೇರೆ ಇರಬಹುದು. ಮುನ್ನೋಟದಲ್ಲಿ ಸರಿಯಿದ್ದ ಪದ ಡೌನ್‌ಲೋಡ್ ಆದ ಫೈಲ್‌ನಲ್ಲಿ ಒಡೆದಿರುವುದು ಹೀಗೆ.

ವೆಬ್ ಸೇವೆಯ ದೊಡ್ಡ ಆಕರ್ಷಣೆ ಎಂದರೆ ಮಾತನ್ನು ತಾನಾಗಿ ಬರಹಕ್ಕಿಳಿಸುವ ಸೌಲಭ್ಯ. ಅದು ನಿಮ್ಮ ಭಾಷೆಗೆ ಚೆನ್ನಾಗಿ ಕೆಲಸ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಮಾಡದಿದ್ದರೆ ಆ ಸೇವೆಯ ಮುಖ್ಯ ಲಾಭವೇ ಕೈತಪ್ಪಿತು, ಉಳಿಯುವುದು ಟೆಂಪ್ಲೇಟ್ ಮಾತ್ರ. ಆದ್ದರಿಂದ ಚಂದಾ ಕಟ್ಟುವ ಮೊದಲು ಅತಿಥಿಯ ಸಹಜ ಮಾತಿನ ಒಂದು ತುಣುಕನ್ನು ಕೊಟ್ಟು, ತಿದ್ದಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ನಿರೂಪಕರು ಸ್ಟುಡಿಯೊದಲ್ಲಿ ತಿದ್ದಿ ತೀಡಿ ಓದಿದ ಪರಿಚಯದ ಸಾಲುಗಳನ್ನು ಕೊಟ್ಟು ಪರೀಕ್ಷಿಸಿದರೆ ಮೋಸ ಹೋಗುತ್ತೀರಿ. ಮುಕ್ಕಾಲು ನಿಮಿಷದ ಮಾತಿನಲ್ಲಿ ಸುಮಾರು ನೂರು ಪದಗಳಿರುತ್ತವೆ. ಪ್ರತಿ ಸಾಲಿಗೂ ಕೈ ಹಾಕಬೇಕಾಗಿ ಬಂದರೆ ಮೊದಲಿನಿಂದ ಟೈಪ್ ಮಾಡುವುದೇ ಬೇಗ.

ಎಡಿಟಿಂಗ್ ತಂತ್ರಾಂಶಗಳಲ್ಲಿ ಆಫ್ಟರ್ ಎಫೆಕ್ಟ್ಸ್‌ನ ಕೆಲವು ಆವೃತ್ತಿಗಳಿಗೆ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಪಠ್ಯ ಎಂಜಿನ್ ಆರಿಸಿಕೊಟ್ಟರೆ ಮಾತ್ರ ಒತ್ತಕ್ಷರ ಸರಿಯಾಗುತ್ತದೆ. ಎಫ್‌ಎಫ್‌ಎಂಪೆಗ್‌ನಲ್ಲಿ ಬರಹ ಹಾಕಲು ಎರಡು ಫಿಲ್ಟರ್‌ಗಳಿವೆ. `subtitles` ಫಿಲ್ಟರ್ ಲಿಬ್‌ಆಸ್ ಎಂಬ ತಂತ್ರಾಂಶದ ಭಾಗವನ್ನು ಬಳಸುತ್ತದೆ, ಅದಕ್ಕೆ ಅಕ್ಷರ ಜೋಡಣೆ ಗೊತ್ತು. `drawtext` ಫಿಲ್ಟರ್‌ನಲ್ಲಿ ಹಳೆಯ ಆವೃತ್ತಿಗಳಿಗೆ ಆ ಬಲವಿರಲಿಲ್ಲ. ಅದಕ್ಕೇ ಶೀರ್ಷಿಕೆ, ಅತಿಥಿಯ ಹೆಸರು ಇವನ್ನೆಲ್ಲ ಹಿನ್ನೆಲೆಯ ಚಿತ್ರದಲ್ಲೇ ಬರೆದುಬಿಡಿ, ಚಲಿಸುವ ಮಾತನ್ನು ಮಾತ್ರ, ಪ್ರತಿ ಸಾಲು ಯಾವ ಹೊತ್ತಿಗೆ ಬರಬೇಕೆಂದು ಬರೆದಿಡುವ ಎಸ್‌ಆರ್‌ಟಿ ಫೈಲ್ ಮೂಲಕ `subtitles` ಫಿಲ್ಟರಿಗೆ ಬಿಡಿ.

ಅಲೆ ಯಾವುದು

ಅಲೆ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ನಿಜಕ್ಕೂ ಮೂರು ಬೇರೆ ಚಿತ್ರಗಳು, ಮೂರರ ನಡತೆಯೂ ಬೇರೆ.

ಮೊದಲನೆಯದು ಆ ಕ್ಷಣದ ಅಲೆ. ಎಫ್‌ಎಫ್‌ಎಂಪೆಗ್‌ನ `showwaves` ಮಾಡುವುದು ಇದನ್ನೇ. ವಿಡಿಯೊ ಸೆಕೆಂಡಿಗೆ 30 ಫ್ರೇಮ್ ಇದ್ದರೆ ಪ್ರತಿ ಫ್ರೇಮಿಗೂ ಸೆಕೆಂಡಿನ ಮೂವತ್ತನೇ ಒಂದು ಭಾಗದ ಧ್ವನಿಯನ್ನು ಮಾತ್ರ ತೆಗೆದುಕೊಂಡು ಅಗಲಕ್ಕೂ ಹರಡುತ್ತದೆ. ಮುಂದಿನ ಫ್ರೇಮಿನಲ್ಲಿ ಅದಷ್ಟೂ ಅಳಿಸಿ ಹೊಸದು ಬರುತ್ತದೆ. ಹೀಗಾಗಿ ಅಲೆ ಹರಿಯುವುದಿಲ್ಲ, ನಡುಗುತ್ತದೆ. ಈ ನಡುಕ ಕಣ್ಣಿಗೆ ಬೇಗ ಬೇಸರ ತರುತ್ತದೆ. ದರವನ್ನು 15ಕ್ಕೆ ಇಳಿಸಿದರೆ ನಡುಕ ಕಡಿಮೆಯಾಗಿ ಕಣ್ಣು ಹಿಡಿಯಬಲ್ಲ ಚಲನೆಯಾಗುತ್ತದೆ. ಅದಕ್ಕಿಂತ ಬಹಳ ಕೆಳಗೆ ಇಳಿಸಿದರೆ ತುಟಿ ಮತ್ತು ಮಾತು ತಪ್ಪಿದ ಸಿನಿಮಾದಂತೆ ಅಲೆ ಹಿಂದೆ ಬೀಳುತ್ತದೆ.

ಎರಡನೆಯದು ಕಂಬಗಳ ಸಾಲು. ಇಲ್ಲಿ ಎಡಗಡೆಯ ಕಂಬ ತಗ್ಗಿನ ಸ್ವರಕ್ಕೆ, ಬಲಗಡೆಯದು ಮೇಲಿನ ಸ್ವರಕ್ಕೆ. ಆಫ್ಟರ್ ಎಫೆಕ್ಟ್ಸ್‌ನ ಆಡಿಯೊ ಸ್ಪೆಕ್ಟ್ರಮ್, ಶಾಟ್‌ಕಟ್ ಮತ್ತು ಕೆಡೆನ್‌ಲೈವ್‌ಗಳ ಸ್ಪೆಕ್ಟ್ರಮ್ ಫಿಲ್ಟರ್‌ಗಳು ಇದನ್ನು ಕೊಡುತ್ತವೆ. ಸಂಗೀತಕ್ಕೆ ಇದು ಒಪ್ಪುತ್ತದೆ, ಮಾತಿಗೆ ಹೊಂದಿಸಿಕೊಳ್ಳಬೇಕು. ಮಾತಿನ ಶಕ್ತಿಯ ಬಹುಪಾಲು 4000 ಹರ್ಟ್ಸ್‌ಗಿಂತ ಕೆಳಗೇ ಇರುತ್ತದೆ. ಕಂಬಗಳನ್ನು 20,000 ಹರ್ಟ್ಸ್‌ವರೆಗೆ ಸಮವಾಗಿ ಹಂಚಿದರೆ ಎಡಗಡೆಯ ನಾಲ್ಕಾರು ಕಂಬ ಎಗರಾಡುತ್ತವೆ, ಉಳಿದವು ಸತ್ತಂತೆ ಬಿದ್ದಿರುತ್ತವೆ. ಸ, ಶ ಅಕ್ಷರಗಳು ಬಂದಾಗ ಮಾತ್ರ ಬಲಗಡೆ ಒಂದಿಷ್ಟು ಅಲುಗಾಟ. ಆರಂಭದ ಆವರ್ತನ 100, ಕೊನೆಯದು 4000 ಎಂದು ಕೊಟ್ಟರೆ ಎಲ್ಲ ಕಂಬಗಳಿಗೂ ಜೀವ ಬರುತ್ತದೆ.

ಮೂರನೆಯದು ಇಡೀ ತುಣುಕಿನ ಅಲೆಯ ಸ್ಥಿರ ಚಿತ್ರ. ಅದರ ಮೇಲೆ ಎಷ್ಟು ಆಗಿದೆ ಎಂದು ತೋರಿಸುವ ಗೆರೆ ಎಡದಿಂದ ಬಲಕ್ಕೆ ಸಾಗುತ್ತದೆ. ಮಾತಿಗೆ ನನಗೆ ಹೆಚ್ಚು ಇಷ್ಟವಾದದ್ದು ಇದೇ. ಎಲ್ಲಿ ನಿಲುಗಡೆಯಿದೆ, ಎಲ್ಲಿ ದನಿ ಏರಿದೆ, ಇನ್ನೆಷ್ಟು ಬಾಕಿಯಿದೆ, ಎಲ್ಲವೂ ನೋಡುಗರಿಗೆ ಒಂದೇ ನೋಟಕ್ಕೆ ಸಿಗುತ್ತದೆ. 'ಇನ್ನು ಹದಿನೈದೇ ಸೆಕೆಂಡು' ಎಂದು ಕಂಡರೆ ಕೊನೆಯವರೆಗೆ ಉಳಿಯುವ ಮನಸ್ಸಾಗುತ್ತದೆ. ಇದನ್ನು ಮಾಡುವುದೂ ಸುಲಭ:

```
ffmpeg -i voice.wav -filter_complex "aformat=channel_layouts=mono,showwavespic=s=900x200:colors=white" -frames:v 1 wave.png
```

ಸಿಕ್ಕಿದ ಚಿತ್ರವನ್ನು ಹಿನ್ನೆಲೆಯ ಕಾರ್ಡಿಗೆ ಅಂಟಿಸಿ, 200 ಪಿಕ್ಸೆಲ್ ಎತ್ತರದ ಒಂದು ಸಣ್ಣ ಗೆರೆಯ ಚಿತ್ರವನ್ನು `overlay=x='90+900*t/45':y=480` ಎಂದು ಮೇಲೆ ಓಡಿಸಿದರಾಯಿತು. ಇಲ್ಲಿ 45 ತುಣುಕಿನ ಸೆಕೆಂಡುಗಳು, 900 ಅಲೆಯ ಅಗಲ, 90 ಅದರ ಎಡ ಅಂಚು. ಎಡಿಟಿಂಗ್ ತಂತ್ರಾಂಶದಲ್ಲೂ ಇದನ್ನು ಎರಡು ಕೀಫ್ರೇಮ್‌ಗಳಲ್ಲಿ ಮುಗಿಸಬಹುದು. ಸಿದ್ಧ ಟೆಂಪ್ಲೇಟ್‌ಗಳಲ್ಲಿ ಮಾತ್ರ ಸೇವೆ ಕೊಟ್ಟಿದ್ದನ್ನೇ ತೆಗೆದುಕೊಳ್ಳಬೇಕು.

ಯಾವ ಅಲೆಯಾದರೂ ಗೆರೆ ತೀರ ತೆಳ್ಳಗಿರಬಾರದು. ನೀವು ಕೊಟ್ಟ ವಿಡಿಯೊವನ್ನು ಜಾಲತಾಣ ಮತ್ತೊಮ್ಮೆ ಹಿಂಡಿ ಚಿಕ್ಕದು ಮಾಡುತ್ತದೆ. ಪ್ರತಿ ಫ್ರೇಮಿಗೂ ಬದಲಾಗುವ ಒಂದು ಪಿಕ್ಸೆಲ್ ದಪ್ಪದ ಗೆರೆ ಆ ಹಿಂಡುವಿಕೆಯಲ್ಲಿ ಮಸುಕಾಗಿ ಹರಡುತ್ತದೆ. ಬಣ್ಣದ ವಿಷಯವೂ ಇದೆ. ಎಲ್ಲೆಡೆ ಓಡುವ ವಿಡಿಯೊ ರೂಪದಲ್ಲಿ ಬೆಳಕಿನ ವಿವರ ಪೂರ್ತಿ ಉಳಿಯುತ್ತದೆ, ಬಣ್ಣದ ವಿವರ ಮಾತ್ರ ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಯುತ್ತದೆ. ಕಪ್ಪಿನ ಮೇಲೆ ಗಾಢ ಕೆಂಪು ಅಥವಾ ನೀಲಿ ಗೆರೆ ಎಳೆದರೆ ಅಂಚು ಹಲ್ಲುಹಲ್ಲಾಗಿ ಕಾಣುವುದು ಇದರಿಂದ. ಗಾಢ ಹಿನ್ನೆಲೆಯ ಮೇಲೆ ಬಿಳಿ ಅಥವಾ ತಿಳಿ ಹಳದಿ ಅಲೆ ಹಾಕಿದರೆ ಈ ತೊಂದರೆಯಿಲ್ಲ.

ಒಂದು ತುಣುಕು, ಮೂರು ದಾರಿ

ಈಗ ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ರೇಡಿಯೊ ಸಂದರ್ಶನವೊಂದರ 18ನೇ ನಿಮಿಷ 40ನೇ ಸೆಕೆಂಡಿನಿಂದ 45 ಸೆಕೆಂಡಿನ ತುಣುಕು ಬೇಕು. ಮಾತಿನ ಕೆಳಗೆ ಮೆಲ್ಲಗೆ ಸಂಗೀತ ಹರಿಯುತ್ತಿದೆ. ಇಡೀ ಸಂದರ್ಶನದ ಎಸ್‌ಆರ್‌ಟಿ ಫೈಲ್ ಕೈಯಲ್ಲಿದೆ. ಚೌಕ ವಿಡಿಯೊ, 1080ಕ್ಕೆ 1080.

ಯಾವ ದಾರಿ ಹಿಡಿದರೂ ಮೊದಲು ಬಗೆಹರಿಸಬೇಕಾದದ್ದು ಧ್ವನಿಯ ಮಟ್ಟ. ಯುರೋಪಿನ ಪ್ರಸಾರ ಒಕ್ಕೂಟದ ಆರ್128 ಶಿಫಾರಸಿನಂತೆ ಪ್ರಸಾರದ ಧ್ವನಿ -23 ಎಲ್‌ಯುಎಫ್‌ಎಸ್ ಮಟ್ಟದಲ್ಲಿರುತ್ತದೆ, ಇದು ಕಿವಿಗೆ ಧ್ವನಿ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದರ ಅಳತೆ. ಪಾಡ್‌ಕಾಸ್ಟ್‌ಗಳಿಗೆ ಆಪಲ್ ಸೂಚಿಸುವುದು -16ರ ಆಸುಪಾಸು. ನಡುವೆ 7 ಡೆಸಿಬೆಲ್ ಅಂತರ. ಪ್ರಸಾರಕ್ಕೆ ಸಿದ್ಧವಾದ ತುಣುಕನ್ನು ಹಾಗೇ ಹಾಕಿದರೆ ಫೀಡ್‌ನಲ್ಲಿ ಹಿಂದೆ ಮುಂದೆ ಬರುವ ವಿಡಿಯೊಗಳ ನಡುವೆ ಅದು ಪಿಸುಮಾತಾಗುತ್ತದೆ. ಜೊತೆಗೆ ಅಲೆಯ ಎತ್ತರವೂ ಅರ್ಧಕ್ಕಿಂತ ಕಡಿಮೆಯಾಗುತ್ತದೆ. 'ಅಲೆ ಅಲುಗಾಡುತ್ತಲೇ ಇಲ್ಲ' ಎಂಬ ದೂರಿಗೆ ಬಹುತೇಕ ಇದೇ ಕಾರಣ. ಟೆಂಪ್ಲೇಟ್ ಬದಲಿಸಿ ಪ್ರಯೋಜನವಿಲ್ಲ, ಧ್ವನಿಯನ್ನು ಎತ್ತಬೇಕು.

ಎರಡನೆಯದು ಸಂಗೀತ. ಮಾತಿನ ಕೆಳಗೆ ಸಂಗೀತ ಸದಾ ಇದ್ದರೆ ಅಲೆ ಎಂದೂ ಇಳಿಯುವುದಿಲ್ಲ. ಮಾತಿನ ನಡುವಿನ ನಿಲುಗಡೆಗಳು ಮುಚ್ಚಿಹೋಗಿ ಅಲೆ ಒಂದೇ ದಪ್ಪದ ಪಟ್ಟಿಯಾಗುತ್ತದೆ. ಇದಕ್ಕೆ ಪರಿಹಾರವಿದೆ, ಬಹಳ ಜನ ಅದನ್ನು ಗಮನಿಸುವುದಿಲ್ಲ. ಕೇಳಿಸುವ ಧ್ವನಿ ಮತ್ತು ಅಲೆಯನ್ನು ಓಡಿಸುವ ಧ್ವನಿ ಒಂದೇ ಆಗಿರಬೇಕಿಲ್ಲ. ಸಂಗೀತ ಬೆರೆಸುವ ಮುನ್ನದ ಮಾತಿನ ಟ್ರ್ಯಾಕ್ ನಿಮ್ಮ ಬಳಿ ಇದ್ದರೆ ಅಲೆಯನ್ನು ಅದರಿಂದ ಓಡಿಸಿ, ಕೇಳಿಸಲು ಬೆರೆಸಿದ ಟ್ರ್ಯಾಕ್ ಇಡಿ. ಎರಡೂ ಒಂದೇ ಬಿಂದುವಿನಿಂದ ಕತ್ತರಿಸಿರಬೇಕು, ಅಷ್ಟೇ.

ಮೂರು ದಾರಿಗಳ ನಿಜವಾದ ವ್ಯತ್ಯಾಸ ಇಲ್ಲಿ ಕಾಣುತ್ತದೆ. ವೆಬ್ ಸೇವೆ ಸಾಮಾನ್ಯವಾಗಿ ಒಂದೇ ಧ್ವನಿ ಫೈಲ್ ಕೇಳುತ್ತದೆ, ಅದರಿಂದಲೇ ಅಲೆಯನ್ನೂ ಮಾಡುತ್ತದೆ. ಸಂಗೀತವಿಲ್ಲದ ಸರಳ ಮಾತುಕತೆಗೆ ಇದು ಸಾಕು. ಧ್ವನಿಯ ಮಟ್ಟವನ್ನು ಮೊದಲೇ ಸರಿಪಡಿಸಿ ಅಪ್‌ಲೋಡ್ ಮಾಡಿದರೆ ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ನಮ್ಮ ಉದಾಹರಣೆಯ ತುಣುಕಿಗೆ ಮಾತ್ರ ಪಟ್ಟಿಯಂಥ ಅಲೆಯೇ ಸಿಗುತ್ತದೆ.

ಆಫ್ಟರ್ ಎಫೆಕ್ಟ್ಸ್‌ನಲ್ಲಿ ಖಾಲಿ ಪದರವೊಂದಕ್ಕೆ ಆಡಿಯೊ ವೇವ್‌ಫಾರ್ಮ್ ಅಥವಾ ಆಡಿಯೊ ಸ್ಪೆಕ್ಟ್ರಮ್ ಹಾಕಿ, ಯಾವ ಧ್ವನಿ ಪದರದಿಂದ ಓಡಬೇಕು ಎಂದು ಆರಿಸಬಹುದು. ಮಾತಿನ ಪದರವನ್ನು ಆರಿಸಿ ಅದರ ಸದ್ದು ಬಂದ್ ಮಾಡಿ, ಬೆರೆಸಿದ ಪದರವನ್ನು ಕೇಳಿಸಿದರೆ ಕೆಲಸವಾಯಿತು. ಅಲೆಯನ್ನು ವೃತ್ತಾಕಾರವಾಗಿ ಬಗ್ಗಿಸುವುದು, ಅತಿಥಿಯ ಚಿತ್ರದ ಸುತ್ತ ಸುತ್ತಿಸುವುದು ಮುಂತಾದವು ಬೇಕಿದ್ದರೂ ದಾರಿ ಇದೇ. ಬೆಲೆ ಎಂದರೆ ಸಮಯ. ಮೊದಲ ಸಲ ಒಂದು ಸಂಜೆ ಹೋಗುತ್ತದೆ. ಪ್ರಾಜೆಕ್ಟ್ ಉಳಿಸಿಟ್ಟು ಮುಂದಿನ ಸಲ ಧ್ವನಿ ಬದಲಿಸಿದರೂ ಕ್ಯಾಪ್ಷನ್‌ಗಳನ್ನು ಮತ್ತೆ ಜೋಡಿಸಬೇಕು.

ಎಫ್‌ಎಫ್‌ಎಂಪೆಗ್ ಆಜ್ಞೆ ಹೀಗಿರುತ್ತದೆ:

```
ffmpeg -loop 1 -framerate 30 -i card.png -i mix.wav -i voice.wav -filter_complex \
"[1:a]loudnorm=I=-16:TP=-1.5:LRA=11,aresample=48000[a];\
[2:a]aformat=channel_layouts=mono,showwaves=s=900x200:mode=cline:rate=15:scale=sqrt:colors=white,format=rgba[w];\
[0:v][w]overlay=90:480,subtitles=clip.srt:force_style='FontName=Noto Sans Kannada,FontSize=18,MarginV=30',format=yuv420p[v]" \
-map "[v]" -map "[a]" -t 45 -c:v libx264 -c:a aac -b:a 128k -movflags +faststart out.mp4
```

ನೋಡಲು ಉದ್ದವಿದೆ, ಆದರೆ ಮಾಡುವ ಕೆಲಸ ಮೂರೇ. ಉದ್ಧರಣ ಚಿಹ್ನೆಯೊಳಗಿನ ಮೊದಲ ಸಾಲಿನಲ್ಲಿ ಕೇಳಿಸುವ ಧ್ವನಿಯನ್ನು -16ಕ್ಕೆ ಎತ್ತುತ್ತದೆ. `loudnorm` ತನ್ನೊಳಗೆ ಧ್ವನಿಯನ್ನು ಸೆಕೆಂಡಿಗೆ 1,92,000 ಮಾದರಿಗಳಿಗೆ ಏರಿಸಿಕೊಳ್ಳುತ್ತದೆ, ಅದನ್ನು 48,000ಕ್ಕೆ ವಾಪಸ್ ತರಲು `aresample` ಬೇಕು. ಎರಡನೇ ಸಾಲು ಮಾತಿನ ಟ್ರ್ಯಾಕ್‌ನಿಂದ ಅಲೆ ಬರೆಯುತ್ತದೆ. `cline` ಎಂದರೆ ನಡುಗೆರೆಯಿಂದ ಮೇಲಕ್ಕೂ ಕೆಳಕ್ಕೂ ತುಂಬಿದ ಅಲೆ, ತೆಳು ಗೆರೆಯ ತೊಂದರೆ ಇದಕ್ಕಿಲ್ಲ. `sqrt` ಅಳತೆ ಸಣ್ಣ ದನಿಯನ್ನು ಎತ್ತಿ ತೋರಿಸುತ್ತದೆ. ಪೂರ್ಣ ಮಟ್ಟದ ಹತ್ತರಲ್ಲಿ ಒಂದು ಭಾಗದ ದನಿ ಹತ್ತರಲ್ಲಿ ಒಂದು ಎತ್ತರಕ್ಕೆ ನಿಲ್ಲುವ ಬದಲು ಮೂರರಲ್ಲಿ ಒಂದರಷ್ಟು ಎತ್ತರಕ್ಕೆ ಏರುತ್ತದೆ. ಇದೇ ಕಾರಣಕ್ಕೆ ಕೋಣೆಯ ಫ್ಯಾನಿನ ಸದ್ದೂ ದೊಡ್ಡದಾಗಿ ಕಾಣುತ್ತದೆ. ರೆಕಾರ್ಡಿಂಗ್ ಗಲೀಜಾಗಿದ್ದರೆ `scale=lin` ಎಂದು ಬದಲಿಸಿ. ಮೂರನೇ ಸಾಲು ಕಾರ್ಡಿನ ಮೇಲೆ ಅಲೆಯನ್ನೂ ಅದರ ಮೇಲೆ ಕ್ಯಾಪ್ಷನ್ನನ್ನೂ ಕೂರಿಸುತ್ತದೆ. ಕೊನೆಯ `yuv420p` ಮರೆತರೆ ವಿಡಿಯೊ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡಿ, ಕೆಲವು ಫೋನುಗಳಲ್ಲಿ ತೆರೆಯುವುದೇ ಇಲ್ಲ.

ಎಡವುವ ಜಾಗಗಳು ಎರಡಿವೆ. ಇಡೀ ಸಂದರ್ಶನದ ಎಸ್‌ಆರ್‌ಟಿಯನ್ನು ಹಾಗೇ ಕೊಟ್ಟರೆ ತುಣುಕಿನ ಮೇಲೆ ಸಂದರ್ಶನದ ಮೊದಲ 45 ಸೆಕೆಂಡಿನ ಮಾತು ಬರುತ್ತದೆ. ಸಮಯವನ್ನು 1120 ಸೆಕೆಂಡು ಹಿಂದಕ್ಕೆ ಸರಿಸಬೇಕು, 18 ನಿಮಿಷ 40 ಸೆಕೆಂಡು ಎಂದರೆ ಅಷ್ಟೇ ತಾನೆ. ಉಚಿತ ಸಬ್‌ಟೈಟಲ್ ಎಡಿಟರ್‌ಗಳಲ್ಲಿ ಇದಕ್ಕೊಂದು ಗುಂಡಿಯೇ ಇರುತ್ತದೆ. ಎರಡನೆಯದು ಅಕ್ಷರದ ಗಾತ್ರ. ಎಸ್‌ಆರ್‌ಟಿಯನ್ನು ಎಫ್‌ಎಫ್‌ಎಂಪೆಗ್ 288 ಸಾಲು ಎತ್ತರದ ಕಾಲ್ಪನಿಕ ಪರದೆಯ ಮೇಲೆ ಅಳೆಯುತ್ತದೆ. 1080 ಎತ್ತರದ ಚೌಕದಲ್ಲಿ 18 ಎಂದರೆ ಸುಮಾರು 67 ಪಿಕ್ಸೆಲ್. ಅದೇ ಆಜ್ಞೆಯನ್ನು 1920 ಎತ್ತರದ ನಿಂತ ವಿಡಿಯೊಗೆ ಬಳಸಿದರೆ 18 ಹೋಗಿ 120 ಪಿಕ್ಸೆಲ್ ಆಗುತ್ತದೆ, ಸಾಲುಗಳು ಮುರಿದು ಪರದೆ ತುಂಬುತ್ತವೆ. ಅಲ್ಲಿ 10 ಸಾಕು. ನಿಂತ ವಿಡಿಯೊದಲ್ಲಿ ಕೆಳಗಿನ ಅಂಚೂ ಬಲ ಅಂಚೂ ಆ್ಯಪ್‌ನ ಗುಂಡಿಗಳಿಗೆ ಹೋಗುತ್ತವೆ, ಆದ್ದರಿಂದ `MarginV` ಹೆಚ್ಚಿಸಿ ಕ್ಯಾಪ್ಷನ್ನನ್ನು ಕೆಳಗಿನ ಕಾಲುಭಾಗದಿಂದ ಮೇಲೆತ್ತಿ.

ತುಣುಕು ಕತ್ತರಿಸುವಾಗ ಎಂಪಿ3ಯಿಂದ ನೇರವಾಗಿ ನಕಲು ಮಾಡಿ ಕತ್ತರಿಸಬೇಡಿ. ಎಂಪಿ3 ಧ್ವನಿಯನ್ನು 1152 ಮಾದರಿಗಳ ಚೂರುಗಳಾಗಿ ಇಡುತ್ತದೆ, ಚೂರಿನ ನಡುವೆ ಕತ್ತರಿಸಲಾಗದು, ಜೊತೆಗೆ ಮೊದಲ ಚೂರು ಹಿಂದಿನದನ್ನು ನೆಚ್ಚಿಕೊಂಡಿರಬಹುದು. ಮೊದಲ ಅಕ್ಷರಕ್ಕೆ 'ಟಿಕ್' ಎಂಬ ಸದ್ದು ಅಂಟಿಕೊಳ್ಳುವುದು ಹೀಗೆ. ಮೊದಲು ಡಬ್ಲ್ಯೂಎವಿಗೆ ಬದಲಿಸಿಕೊಂಡು ಆಮೇಲೆ ಕತ್ತರಿಸಿ.

ಯಾರಿಗೆ ಯಾವುದು

ತಿಂಗಳಿಗೆ ಒಂದೆರಡು ತುಣುಕು ಹಾಕುವವರು, ಸಂಗೀತವಿಲ್ಲದ ಮಾತುಕತೆ ನಡೆಸುವವರು, ಒತ್ತಕ್ಷರದ ಪರೀಕ್ಷೆಯಲ್ಲಿ ತಾವು ಆರಿಸಿದ ವೆಬ್ ಸೇವೆ ಪಾಸಾದವರು ಅಲ್ಲೇ ಇರಲಿ. ಆಜ್ಞೆ ಕಲಿಯುವ ಶ್ರಮ ಅವರಿಗೆ ಬೇಡ. ಉಚಿತ ಯೋಜನೆಯಲ್ಲಿ ವಿಡಿಯೊ ಮೇಲೆ ಸೇವೆಯ ಗುರುತು ಬೀಳುತ್ತದೆಯೇ, ತಿಂಗಳಿಗೆ ಎಷ್ಟು ವಿಡಿಯೊ ಎಂಬ ಮಿತಿಯಿದೆಯೇ ಎಂದು ನೋಡಿಕೊಂಡರೆ ಸಾಕು. ಒಂದು ಎಚ್ಚರಿಕೆ ಇದೆ. ಇನ್ನೂ ಪ್ರಕಟವಾಗದ, ಅತಿಥಿ ನಂಬಿ ಹೇಳಿದ ಸೂಕ್ಷ್ಮ ಮಾತುಗಳಿರುವ ಇಡೀ ರೆಕಾರ್ಡಿಂಗನ್ನು ಬೇರೆಯವರ ಸರ್ವರಿಗೆ ಏರಿಸಬೇಡಿ. ಬೇಕಾದ 45 ಸೆಕೆಂಡನ್ನು ನಿಮ್ಮ ಕಂಪ್ಯೂಟರಿನಲ್ಲೇ ಕತ್ತರಿಸಿ ಅಷ್ಟನ್ನೇ ಕೊಡಿ.

ಸರಣಿಯೊಂದರ ಟ್ರೇಲರ್, ವಾರ್ಷಿಕೋತ್ಸವದ ವಿಶೇಷ ಸಂಚಿಕೆ ಇಂಥ ಒಮ್ಮೆ ಮಾಡಿ ಬಹುಕಾಲ ಉಳಿಯುವ ಕೆಲಸಕ್ಕೆ ಎಡಿಟಿಂಗ್ ತಂತ್ರಾಂಶವೇ ಸರಿ. ಪ್ರತಿ ವಾರದ ಕೆಲಸವನ್ನು ಅದರಲ್ಲಿ ಶುರು ಮಾಡಿದವರು ಕೆಲವೇ ವಾರಗಳಲ್ಲಿ ಕೈಬಿಡುವುದನ್ನು ನೋಡಿದ್ದೇನೆ. ಉಚಿತವಾಗಿ ಸಿಗುವ ಶಾಟ್‌ಕಟ್, ಕೆಡೆನ್‌ಲೈವ್‌ಗಳ ಅಲೆಗಳು ಸರಳವಾಗಿವೆ, ಮಾತಿಗೆ ಅಷ್ಟು ಸಾಕು. ವೃತ್ತದ ಅಲೆ, ಬಣ್ಣ ಬದಲಿಸುವ ಅಲೆ ಬೇಕೆನಿಸಿದರೆ ಮಾತ್ರ ಆಫ್ಟರ್ ಎಫೆಕ್ಟ್ಸ್‌ಗೆ ಹೋಗಿ.

ವಾರವಾರ, ದಿನದಿನ ತುಣುಕು ಬಿಡುವ ರೇಡಿಯೊ ತಂಡಗಳಿಗೂ ಪಾಡ್‌ಕಾಸ್ಟ್‌ಗಳಿಗೂ ಎಫ್‌ಎಫ್‌ಎಂಪೆಗ್ ಆಜ್ಞೆಯನ್ನೇ ನಾನು ಹೇಳುವುದು. ಒಮ್ಮೆ ಕಾರ್ಡ್, ಫಾಂಟ್, ಜಾಗ ಎಲ್ಲ ಗೊತ್ತುಪಡಿಸಿದ ಮೇಲೆ ಪ್ರತಿ ಸಲ ಬದಲಾಗುವುದು ಧ್ವನಿಯ ಫೈಲ್‌ಗಳು, ಎಸ್‌ಆರ್‌ಟಿ ಮತ್ತು `-t` ಪಕ್ಕದ ಸಂಖ್ಯೆ ಮಾತ್ರ. ಪ್ರತಿ ತುಣುಕೂ ಒಂದೇ ಮುಖದಲ್ಲಿ ಹೊರಬರುತ್ತದೆ. ಚೌಕದ್ದೊಂದು, ನಿಂತದ್ದೊಂದು ಎಂದು ಎರಡು ಆಜ್ಞೆ ಇಟ್ಟುಕೊಂಡರೆ ಎರಡೂ ಒಟ್ಟಿಗೆ ಸಿದ್ಧ. ತಂಡದಲ್ಲಿ ಆಜ್ಞೆ ಬರೆಯಬಲ್ಲವರು ಒಬ್ಬರಿದ್ದರೆ ಸಾಕು, ಉಳಿದವರು ಫೈಲ್ ಹೆಸರು ಬದಲಿಸಿ ಓಡಿಸಬಹುದು. ಅಂಥವರು ಯಾರೂ ಇಲ್ಲದ ತಂಡಕ್ಕೆ ಈ ದಾರಿ ಹೇರುವುದು ತಪ್ಪು. ಏನೋ ಒಂದು ಕೆಟ್ಟ ದಿನ ಕೆಲಸವೇ ನಿಂತುಹೋಗುತ್ತದೆ.

ಸಂದರ್ಶನವನ್ನು ಕ್ಯಾಮೆರಾದಲ್ಲೂ ಚಿತ್ರೀಕರಿಸಿದ್ದರೆ ಆಡಿಯೋಗ್ರಾಮ್ ಮಾಡುವ ಅಗತ್ಯವೇ ಇಲ್ಲ. ಮಾತಾಡುವ ಮುಖಕ್ಕಿಂತ ಅಲೆ ಹೆಚ್ಚು ಹೇಳುವುದಿಲ್ಲ. ಫೋನ್ ಕರೆಯಲ್ಲಿ ರೆಕಾರ್ಡ್ ಆದ ಮಾತು, ಹಳೆಯ ದಾಸ್ತಾನಿನಿಂದ ತೆಗೆದ ಧ್ವನಿ, ಮುಖ ತೋರಿಸಲು ಒಪ್ಪದ ಅತಿಥಿ, ಇಂಥವೇ ಆಡಿಯೋಗ್ರಾಮಿಗೆ ಹೇಳಿ ಮಾಡಿಸಿದ ವಸ್ತು.

ರೇಡಿಯೊದಿಂದ ತುಣುಕು ತೆಗೆಯುವವರು ಹಿನ್ನೆಲೆ ಸಂಗೀತದ ಹಕ್ಕನ್ನೂ ನೋಡಿಕೊಳ್ಳಬೇಕು. ಪ್ರಸಾರಕ್ಕೆ ಸಿಕ್ಕ ಅನುಮತಿ ಜಾಲತಾಣದಲ್ಲಿ ಹಂಚುವುದಕ್ಕೂ ಅನ್ವಯಿಸುತ್ತದೆ ಎಂದೇನಿಲ್ಲ, ಜಾಲತಾಣಗಳು ಸಂಗೀತವನ್ನು ಗುರುತಿಸಿ ವಿಡಿಯೊದ ಸದ್ದು ತೆಗೆದುಹಾಕುವುದೂ ಉಂಟು. ಅನುಮಾನವಿದ್ದರೆ ಸಂಗೀತ ಬೆರೆಸದ ಮಾತಿನ ಟ್ರ್ಯಾಕನ್ನೇ ಕೇಳಿಸಿಬಿಡಿ, ಅಲೆಗೆ ಅದನ್ನು ಹೇಗೂ ತೆಗೆದಿಟ್ಟಿರುತ್ತೀರಿ. ಉದ್ದದ ಮಿತಿಯೂ ಒಂದೊಂದು ಕಡೆ ಒಂದೊಂದು. ಎಕ್ಸ್‌ನ ಉಚಿತ ಖಾತೆಯಲ್ಲಿ 2 ನಿಮಿಷ 20 ಸೆಕೆಂಡು. ಅದಕ್ಕಿಂತ ಉದ್ದದ ತುಣುಕನ್ನು ಎಳೆದಾಡುವ ಬದಲು ಎರಡು ಮಾಡಿ.

ಯಾವ ದಾರಿ ಹಿಡಿದರೂ ಡಬ್ಲ್ಯೂಎವಿ, ಎಸ್‌ಆರ್‌ಟಿ ಮತ್ತು ಕಾರ್ಡಿನ ಪಿಎನ್‌ಜಿ ಮೂರನ್ನೂ ಸೇವೆಯೊಳಗೆ ಬಿಡದೆ ನಿಮ್ಮ ಫೋಲ್ಡರಿನಲ್ಲಿ ಬೇರೆಬೇರೆಯಾಗಿ ಇಟ್ಟುಕೊಳ್ಳಿ. ಸೇವೆ ದರ ಏರಿಸಿದರೂ ಬಾಗಿಲು ಹಾಕಿದರೂ ಹಳೆಯ ತುಣುಕುಗಳನ್ನು ಮತ್ತೊಂದು ದಾರಿಯಲ್ಲಿ ಮರಳಿ ಮಾಡಬಹುದು. ಯೂಟ್ಯೂಬ್‌ಗೆ ಅದೇ ಎಸ್‌ಆರ್‌ಟಿಯನ್ನು ಪ್ರತ್ಯೇಕವಾಗಿ ಏರಿಸುವುದಾದರೆ ಅಲ್ಲಿಗೆ ಕ್ಯಾಪ್ಷನ್ ಅಂಟಿಸದ ವಿಡಿಯೊ ಕೊಡಿ, ಇಲ್ಲವಾದರೆ ನೋಡುಗರು ಕ್ಯಾಪ್ಷನ್ ಹಾಕಿಕೊಂಡಾಗ ಒಂದೇ ಸಾಲು ಎರಡು ಸಲ, ಒಂದರ ಮೇಲೊಂದು ಬೀಳುತ್ತದೆ.